ಹಿಡಿದದ್ದು ಯಾವ ತೆರಿಗೆ? ಕಾಸರಗೋಡಿನ ವಿಮಾ ಏಜೆಂಟರ ಕಮಿಷನ್ ಲೆಕ್ಕ

ಮಂಜೇಶ್ವರ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ವಿಮಾ ಏಜೆಂಟರು ಈಚೆಗೆ ಒಂದು ಮಾತು ಜಾಸ್ತಿ ಹೇಳುತ್ತಿದ್ದಾರೆ: "ಟಿಡಿಎಸ್ ಕಮ್ಮಿ ಮಾಡಿದ್ದಾರೆ ಅಂತಾರೆ, ಆದರೆ ಕೈಗೆ ಬರುವ ದುಡ್ಡೇ ಕಮ್ಮಿಯಾಗಿದೆ." ಇದರಲ್ಲಿ ತಪ್ಪೇನೂ ಇಲ್ಲ. ಎರಡೂ ನಿಜ. ಕಮಿಷನ್ ಮೇಲೆ ಎರಡು ತೆರಿಗೆಗಳು ಕೆಲಸ ಮಾಡುತ್ತವೆ, ಎರಡರ ಸ್ವಭಾವವೂ ಬೇರೆ. ಒಂದು ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ. ಅದು ನಿಮ್ಮದೇ ದುಡ್ಡು, ಲೆಕ್ಕ ಕೊಟ್ಟರೆ ವಾಪಸ್ ಕೇಳಬಹುದು. ಇನ್ನೊಂದು ಜಿಎಸ್‌ಟಿ. ಅದು ಕಾನೂನಿನ ಪ್ರಕಾರ ನಿಮ್ಮ ತೆರಿಗೆಯೇ ಅಲ್ಲ, ಆದರೆ ಅದರ ಭಾರ ನಿಮ್ಮ ಮೇಲೆ ಬರಬಹುದು. ಇವು ಹೇಗೆ ಬೆಳೆದು ಬಂದವು ಎಂದು ನೋಡಿದರೆ ಈಗಿನ ಗೊಂದಲ ಬಿಡಿಸುವುದು ಸುಲಭ.

ಮೊದಲು ಟಿಡಿಎಸ್. ಜೀವ ವಿಮಾ ನಿಗಮ ಹುಟ್ಟಿದ್ದು 1956ರ ಸೆಪ್ಟೆಂಬರ್ 1ರಂದು. ಎರಡು ತಿಂಗಳ ನಂತರ ಕಾಸರಗೋಡು ಕೇರಳಕ್ಕೆ ಸೇರಿತು. ಆಗ ಏಜೆಂಟರ ಕಮಿಷನ್‌ಗೆ ಆದಾಯ ತೆರಿಗೆ ಇತ್ತು, ಆದರೆ ಮೂಲದಲ್ಲೇ ಹಿಡಿಯುವ ಪದ್ಧತಿ ಇರಲಿಲ್ಲ. 1973ರ ಹಣಕಾಸು ಕಾಯ್ದೆ ಸೆಕ್ಷನ್ 194ಡಿ ತಂದಿತು. ಆ ವರ್ಷದ ಜೂನ್ 1ರಿಂದ ಕಂಪನಿಯೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕಾಯಿತು. ಹಳ್ಳಿ ಹಳ್ಳಿಯಲ್ಲಿ ಚದುರಿಹೋಗಿರುವ, ಸಣ್ಣ ಸಣ್ಣ ಮೊತ್ತ ಪಡೆಯುವ ಲಕ್ಷಾಂತರ ಜನರ ಹಿಂದೆ ಹೋಗುವ ಬದಲು, ದುಡ್ಡು ಕೊಡುವ ಜಾಗದಲ್ಲೇ ಒಂದು ಪಾಲು ಹಿಡಿಯುವುದು ಇಲಾಖೆಗೆ ಸುಲಭ, ಅಲ್ವಾ?

ದರ ಬದಲಾದ ಬಗೆ ನೋಡಿ. ವರ್ಷಕ್ಕೆ 2,40,000 ರೂಪಾಯಿ ಕಮಿಷನ್ ಬರುವ ಪೆರ್ಲದ ಏಜೆಂಟರೊಬ್ಬರು ಇದ್ದಾರೆ ಎಂದುಕೊಳ್ಳೋಣ. ದರ ಶೇಕಡಾ 10 ಇದ್ದಾಗ ಅವರಿಂದ 24,000 ಹಿಡಿಯುತ್ತಿದ್ದರು. 2016ರ ಜೂನ್‌ನಿಂದ ದರ ಶೇಕಡಾ 5 ಆಯಿತು, ಹಿಡಿಯುವುದು 12,000ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಶೇಕಡಾ 2. ಈಗ ಹಿಡಿಯುವುದು 4,800 ಮಾತ್ರ. ಅದೇ ದಿನದಿಂದ ಮಿತಿಯೂ 15,000ದಿಂದ 20,000ಕ್ಕೆ ಏರಿತು. ವರ್ಷದ ಕಮಿಷನ್ ಅದನ್ನು ದಾಟದಿದ್ದರೆ ಕಂಪನಿ ಏನೂ ಹಿಡಿಯಬೇಕಿಲ್ಲ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು 194ಡಿ ಎಂಬ ಹೆಸರು ಹೋಯಿತು. ಟಿಡಿಎಸ್ ವಿಷಯವೆಲ್ಲ ಸೆಕ್ಷನ್ 393ರ ಕೋಷ್ಟಕ ಸೇರಿತು.

ಈ ಮಿತಿಯ ವಿಷಯದಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮಿತಿ ಒಂದೊಂದು ಕಂಪನಿಗೆ ಬೇರೆ ಬೇರೆ. ಒಂದು ಕಡೆ 18,000, ಇನ್ನೊಂದು ಕಡೆ 17,000 ಬಂದರೆ ಯಾರೂ ಹಿಡಿಯುವುದಿಲ್ಲ. ಹಾಗಂತ ಆ 35,000 ತೆರಿಗೆಯ ಲೆಕ್ಕದಿಂದ ಹೊರಗೆ ಹೋಯಿತು ಎಂದಲ್ಲ. ಇನ್ನೊಂದು, ಮಿತಿ ದಾಟಿದರೆ ದಾಟಿದ ಭಾಗದ ಮೇಲಷ್ಟೇ ಅಲ್ಲ, ಇಡೀ ಮೊತ್ತದ ಮೇಲೆ ಹಿಡಿಯುತ್ತಾರೆ. ತಿಂಗಳಿಗೆ 1,800 ಬರುವವರಿಗೆ ಫೆಬ್ರವರಿಯವರೆಗೆ 19,800 ಆಗಿರುತ್ತದೆ. ಅಲ್ಲಿಯವರೆಗೆ ಏನೂ ಹಿಡಿಯದಿದ್ದರೆ, ಮಾರ್ಚ್‌ನಲ್ಲಿ ಒಟ್ಟು 21,600ರ ಮೇಲೆ ಲೆಕ್ಕ ಹಾಕಿ ಒಂದೇ ಸಲ 432 ರೂಪಾಯಿ ಹಿಡಿಯಬಹುದು. 1,800ಕ್ಕೆ 432 ಹೋಯಿತಲ್ಲ ಎಂದು ಗಾಬರಿಯಾಗುವುದು ಆಗಲೇ. ನಿಜವಾಗಿ ಗಾಬರಿಯಾಗಬೇಕಾದದ್ದು ಶೇಕಡಾ 20 ಹಿಡಿದಾಗ. ಪ್ಯಾನ್ ಕೊಟ್ಟಿಲ್ಲ, ಅಥವಾ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದೆ ಎಂಬುದರ ಗುರುತು ಅದು.

ಹಿಡಿದ ಟಿಡಿಎಸ್ ನಿಮ್ಮ ಪ್ಯಾನ್ ಹೆಸರಲ್ಲಿ ಫಾರ್ಮ್ 26ಎಎಸ್‌ನಲ್ಲಿ ಕಾಣಬೇಕು. ಕಂಪನಿ ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವುದರಿಂದ ಸ್ವಲ್ಪ ತಡವಾಗಿ ಕಾಣುತ್ತದೆ. ಪೆರ್ಲದ ನಮ್ಮ ಏಜೆಂಟರಿಗೆ ಬೇರೆ ಆದಾಯ ಇಲ್ಲದಿದ್ದರೆ ಕಟ್ಟಬೇಕಾದ ತೆರಿಗೆ ಸೊನ್ನೆ. ರಿಟರ್ನ್ ಹಾಕಿದರೆ 4,800 ಪೂರ್ತಿ ವಾಪಸ್. ಹಾಕದಿದ್ದರೆ ಅದು ಸುಮ್ನೆ ಹೋದ ಹಾಗೆ. ರಿಟರ್ನ್ ಹಾಕುವಾಗ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಸಣ್ಣ ವ್ಯಾಪಾರಿಗಳಿಗೆ ಇರುವ ಅಂದಾಜು ಲಾಭದ ಸರಳ ಪದ್ಧತಿ ಕಮಿಷನ್ ಆದಾಯಕ್ಕೆ ಸಿಗುವುದಿಲ್ಲ. ಹಾಗಾಗಿ ಐಟಿಆರ್-4 ಅಲ್ಲ, ಐಟಿಆರ್-3 ಹಾಕಬೇಕು. ಬೈಕಿನ ಪೆಟ್ರೋಲು, ಫೋನು, ಓಡಾಟದ ಖರ್ಚನ್ನು ಅದರಲ್ಲಿ ಕಳೆಯಬಹುದು, ಬಿಲ್ಲು ಇಟ್ಟಿರಬೇಕು ಅಷ್ಟೆ.

ಇನ್ನು ಎರಡನೇ ತೆರಿಗೆ. 1994ರ ಜುಲೈನಲ್ಲಿ ದೇಶಕ್ಕೆ ಸೇವಾ ತೆರಿಗೆ ಬಂದಾಗ ಅದು ಮುಟ್ಟಿದ್ದು ಮೂರೇ ಸೇವೆಗಳನ್ನು. ಅದರಲ್ಲಿ ಸಾಮಾನ್ಯ ವಿಮೆಯೂ ಒಂದು. ಏಜೆಂಟರ ಸೇವೆ ಆಮೇಲೆ ಸೇರಿತು. ಸಾಮಾನ್ಯ ವಿಮೆಯ ಏಜೆಂಟರದು 2001ರಲ್ಲಿ, ಜೀವ ವಿಮೆಯವರದು 2002ರಲ್ಲಿ. ತೆರಿಗೆ ಕಟ್ಟುವ ಜವಾಬ್ದಾರಿಯನ್ನು ಸೇವೆ ಕೊಡುವ ಏಜೆಂಟರ ಮೇಲೆ ಹಾಕದೆ, ಸೇವೆ ಪಡೆಯುವ ಕಂಪನಿಯ ಮೇಲೆ ಹಾಕಿದರು. ಇದೇ ರಿವರ್ಸ್ ಚಾರ್ಜ್. ಈ ತೀರ್ಮಾನ ಒಳ್ಳೆಯದೇ ಎನ್ನುತ್ತೇನೆ. ಹತ್ತಿಪ್ಪತ್ತು ಪಾಲಿಸಿ ಮಾಡಿಸುವ ಮನುಷ್ಯ ತಿಂಗಳು ತಿಂಗಳು ರಿಟರ್ನ್ ಹಾಕುತ್ತಾ ಕೂರಲು ಆಗುತ್ತದೆಯೇ?

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಲೂ ಇದೇ ಏರ್ಪಾಡು ಮುಂದುವರಿಯಿತು. ಕಮಿಷನ್ ಮೇಲೆ ಶೇಕಡಾ 18 ಜಿಎಸ್‌ಟಿ, ಕಟ್ಟುವವರು ಕಂಪನಿಯವರು. ಬರೀ ಇಂಥ ಸೇವೆ ಮಾತ್ರ ಮಾಡುವ ಏಜೆಂಟರು ನೋಂದಣಿ ಮಾಡಿಸಬೇಕಿಲ್ಲ ಎಂದೂ ಅಧಿಸೂಚನೆ ಬಂತು. ಆದರೆ ಗಡಿಯವರಿಗೆ ಒಂದು ಅನುಮಾನ ಉಳಿಯಿತು. ಮಂಜೇಶ್ವರದಲ್ಲಿ ಮನೆ, ಏಜೆನ್ಸಿ ಮಂಗಳೂರಿನ ಶಾಖೆಯಲ್ಲಿ. ಸೇವೆ ಕೇರಳದಿಂದ ಕರ್ನಾಟಕಕ್ಕೆ ಹೋದಂತೆ ಆಗುತ್ತದೆ. ರಾಜ್ಯದ ಗಡಿ ದಾಟುವ ವ್ಯವಹಾರಕ್ಕೆ ನೋಂದಣಿ ಕಡ್ಡಾಯ ಎಂದು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 24 ಹೇಳುತ್ತದಲ್ಲ? 2023ರ ಹಣಕಾಸು ಕಾಯ್ದೆ ಇದಕ್ಕೆ ತೆರೆ ಎಳೆಯಿತು. ವಿನಾಯಿತಿಯ ಅಧಿಸೂಚನೆ ಸೆಕ್ಷನ್ 24ನ್ನೂ ಮೀರಿ ನಿಲ್ಲುತ್ತದೆ ಎಂದು 2017ರಿಂದಲೇ ಅನ್ವಯವಾಗುವಂತೆ ಬರೆದರು. ಕಂಪನಿ ಕಾಸರಗೋಡು ಶಾಖೆಯಿಂದಾದರೆ ಕೇಂದ್ರ ಮತ್ತು ರಾಜ್ಯದ ಜಿಎಸ್‌ಟಿ ಕಟ್ಟುತ್ತದೆ, ಮಂಗಳೂರು ಶಾಖೆಯಿಂದಾದರೆ ಐಜಿಎಸ್‌ಟಿ. ಏಜೆಂಟರಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ಹಾಗಾದರೆ ಕೈಗೆ ಬರುವ ದುಡ್ಡು ಕಮ್ಮಿಯಾದದ್ದು ಹೇಗೆ? 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿಎಸ್‌ಟಿ ಪೂರ್ತಿ ಹೋಯಿತು. ಗ್ರಾಹಕರಿಗೆ ಅದು ಒಳ್ಳೆಯ ಸುದ್ದಿ, ಏಜೆಂಟರೂ ಅದನ್ನೇ ಹೇಳಿ ಪಾಲಿಸಿ ಮಾಡಿಸಿದರು. ಆದರೆ ತೆರಿಗೆ ಇಲ್ಲದ ಸೇವೆಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಮೊದಲು ಕಂಪನಿ 10,000 ಕಮಿಷನ್ ಕೊಟ್ಟು, ಅದರ ಮೇಲೆ 1,800 ಜಿಎಸ್‌ಟಿ ಕಟ್ಟಿ, ಪ್ರೀಮಿಯಂನಲ್ಲಿ ವಸೂಲಾದ ಜಿಎಸ್‌ಟಿಯಲ್ಲಿ ಆ 1,800 ಕಳೆದುಕೊಳ್ಳುತ್ತಿತ್ತು. ಈಗ ಕಮಿಷನ್ ಮೇಲಿನ ತೆರಿಗೆ ಹಾಗೆಯೇ ಇದೆ, ಕಳೆದುಕೊಳ್ಳಲು ಜಾಗವಿಲ್ಲ. ಆ 1,800 ಕಂಪನಿಯ ಖರ್ಚಾಯಿತು.

ಕೆಲವು ಕಂಪನಿಗಳು ಆ ಖರ್ಚನ್ನು ಮಾರಾಟ ಮಾಡುವವರ ಕಡೆಗೆ ತಳ್ಳಿದವು. ಕಮಿಷನ್ ಎಂದರೆ ಇನ್ನು ಮೇಲೆ ಜಿಎಸ್‌ಟಿ ಸೇರಿದ ಮೊತ್ತ ಎಂದವು. ಆಗ 10,000ದಲ್ಲಿ ಕಮಿಷನ್ 8,475, ತೆರಿಗೆ 1,525. ಆ 8,475ರ ಮೇಲೆ ಶೇಕಡಾ 2 ಟಿಡಿಎಸ್ ಸುಮಾರು 170 ಹೋಗಿ ಕೈಗೆ 8,305. ಮೊದಲು ಇದೇ 10,000ಕ್ಕೆ 200 ಟಿಡಿಎಸ್ ಹೋಗಿ 9,800 ಬರುತ್ತಿತ್ತು. ಟಿಡಿಎಸ್ ಆದರೆ ರಿಟರ್ನ್‌ನಲ್ಲಿ ವಾಪಸ್ ಕೇಳಬಹುದು, 1,525 ಹಾಗಲ್ಲ. ಅದನ್ನು ಕಟ್ಟಿದ್ದು ಕಂಪನಿಯ ಹೆಸರಲ್ಲಿ, 26ಎಎಸ್‌ನಲ್ಲಿ ಅದು ನಿಮ್ಮ ತೆರಿಗೆಯಾಗಿ ಕಾಣುವುದೇ ಇಲ್ಲ. ತೆರಿಗೆಯನ್ನು ಯಾರು ಕಟ್ಟಬೇಕು ಎಂದು ಕಾನೂನು ಹೇಳಿತು, ಕಮಿಷನ್ ಎಷ್ಟಿರಬೇಕು ಎಂಬುದನ್ನು ಒಪ್ಪಂದಕ್ಕೆ ಬಿಟ್ಟಿತು. ಮಾತುಕತೆಯಲ್ಲಿ ಬಲವಿಲ್ಲದ ಏಜೆಂಟರು ಅಲ್ಲಿ ಸಿಕ್ಕಿಕೊಂಡರು. ಇದು ನ್ಯಾಯವಲ್ಲ ಎಂದೇ ನನಗನಿಸುತ್ತದೆ.

ನಿಮಗೆ ಹೀಗೆ ಆಗಿದೆಯೋ ಇಲ್ಲವೋ ನೋಡಲು ಕಮಿಷನ್ ಸ್ಟೇಟ್‌ಮೆಂಟ್ ಸಾಕು. ಪ್ರೀಮಿಯಂಗೆ ಒಪ್ಪಿದ ದರ ಹಾಕಿ ಗುಣಿಸಿ. ಬಂದ ಮೊತ್ತವನ್ನು ಸ್ಟೇಟ್‌ಮೆಂಟಿನ ಕಮಿಷನ್ ಜೊತೆ ಹೋಲಿಸಿ. ಅದು ಸುಮಾರು ಶೇಕಡಾ 15 ಕಮ್ಮಿಯಿದ್ದರೆ ಜಿಎಸ್‌ಟಿ ಒಳಗೆ ಸೇರಿಸಿದ್ದಾರೆ. ಆಮೇಲೆ 26ಎಎಸ್‌ನಲ್ಲಿ ಕಮಿಷನ್ ಎಂದು ಎಷ್ಟು ತೋರಿಸಿದ್ದಾರೆ ನೋಡಿ. ಅಲ್ಲಿ 10,000 ಇದ್ದು ನಿಮಗೆ ಸಿಕ್ಕಿದ್ದು 8,475ರ ಲೆಕ್ಕದಲ್ಲಾದರೆ, ಬಾರದ ದುಡ್ಡು ನಿಮ್ಮ ಆದಾಯವಾಗಿ ದಾಖಲಾಗಿದೆ. ಶಾಖೆಗೆ ಇಮೇಲ್‌ನಲ್ಲೇ ಕೇಳಿ, ಬಾಯಿಮಾತು ಬೇಡ. ವಾಹನ ವಿಮೆ, ಗುಂಪು ವಿಮೆಗಳಿಗೆ ಈಗಲೂ ಜಿಎಸ್‌ಟಿ ಇದೆ, ಕಂಪನಿಗೆ ಕ್ರೆಡಿಟ್ ಸಿಗುತ್ತದೆ. ಅವುಗಳ ಕಮಿಷನ್ ಕಡಿತಕ್ಕೆ ಈ ಕಾರಣ ಕೊಟ್ಟರೆ ಒಪ್ಪಬೇಡಿ.

ಕೊನೆಯದಾಗಿ, ನಮ್ಮ ಕಡೆ ತುಂಬ ಜನರಿಗೆ ಅನ್ವಯವಾಗುವ ಒಂದು ವಿಷಯ. ಏಜೆನ್ಸಿಯೊಂದನ್ನೇ ನಂಬಿ ಬದುಕುವವರು ಇಲ್ಲಿ ಕಮ್ಮಿ. ಒಬ್ಬರಿಗೆ ತೋಟ, ಇನ್ನೊಬ್ಬರಿಗೆ ಅಂಗಡಿ. ತಾನೇ ಬೆಳೆದ ಅಡಿಕೆ ಮಾರುವ ಕೃಷಿಕರಿಗೆ ಆ ಮಾರಾಟದಿಂದ ಜಿಎಸ್‌ಟಿ ನೋಂದಣಿಯ ಚಿಂತೆ ಇಲ್ಲ. ಅಂಗಡಿಯವರಿಗೆ ಇದೆ. ಬದಿಯಡ್ಕದಲ್ಲಿ ವರ್ಷಕ್ಕೆ 26 ಲಕ್ಷ ವ್ಯಾಪಾರದ ದಿನಸಿ ಅಂಗಡಿ ಇರುವವರಿಗೆ 40 ಲಕ್ಷದವರೆಗೆ ನೋಂದಣಿ ಬೇಡ. ಆದರೆ ಆ 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ಅದೇ ಪ್ಯಾನ್‌ನಲ್ಲಿ 2,40,000 ಕಮಿಷನ್ ಬಂದರೆ ಅವರು ಸೇವೆಯನ್ನೂ ಕೊಟ್ಟಂತಾಯಿತು. ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಅಂಗಡಿಯ ವ್ಯಾಪಾರ ಅದನ್ನು ಆಗಲೇ ದಾಟಿದೆ. ಬರೀ ಏಜೆಂಟರಿಗೆ ಇದ್ದ ವಿನಾಯಿತಿಯೂ ಇವರಿಗೆ ಸಿಗದು, ಅದು "ಕೇವಲ" ಅಂಥ ಸೇವೆ ಮಾಡುವವರಿಗೆ ಮಾತ್ರ. ಮಿತಿ ದಾಟಿದ 30 ದಿನದೊಳಗೆ ನೋಂದಣಿ ಮಾಡಿಸಬೇಕು. ತಲಪಾಡಿಯ ಆಚೆ ಅದೇ ಪ್ಯಾನ್‌ನಲ್ಲಿ ಇನ್ನೊಂದು ಅಂಗಡಿ ಇದ್ದರೆ ಅದರ ವ್ಯಾಪಾರವೂ ಲೆಕ್ಕಕ್ಕೆ ಸೇರುತ್ತದೆ. ಅಂಗಡಿ ಗಂಡನ ಹೆಸರಲ್ಲಿ, ಏಜೆನ್ಸಿ ಹೆಂಡತಿಯ ಹೆಸರಲ್ಲಿ ನಿಜವಾಗಿ ಬೇರೆ ಬೇರೆ ನಡೆಯುತ್ತಿದ್ದರೆ ಎರಡೂ ಬೇರೆ ಲೆಕ್ಕ.

ನೋಂದಣಿ ಆದ ಮೇಲೂ ಕಮಿಷನ್‌ನ ಜಿಎಸ್‌ಟಿಯನ್ನು ಕಂಪನಿಯೇ ಕಟ್ಟುತ್ತದೆ. ನೀವು ಅದನ್ನು ಜಿಎಸ್‌ಟಿಆರ್-1ರಲ್ಲಿ ರಿವರ್ಸ್ ಚಾರ್ಜ್ ಕೋಷ್ಟಕದಲ್ಲಿ ತೋರಿಸಿದರೆ ಸಾಕು. ಕ್ರೆಡಿಟ್‌ನ ಲೆಕ್ಕದಲ್ಲಿ ಮಾತ್ರ ಈ ಕಮಿಷನ್ ತೆರಿಗೆಯಿಲ್ಲದ ವಹಿವಾಟಿನ ಹಾಗೆ. ಮಾರಲು ತಂದ ದಿನಸಿಯ ಕ್ರೆಡಿಟ್‌ಗೆ ತೊಂದರೆಯಿಲ್ಲ. ಎರಡಕ್ಕೂ ಬಳಸುವ ಫೋನು, ಇಂಟರ್‌ನೆಟ್, ಕಂಪ್ಯೂಟರಿನ ಕ್ರೆಡಿಟ್‌ನಲ್ಲಿ ಕಮಿಷನ್‌ನ ಪಾಲಿನಷ್ಟು ಬಿಟ್ಟುಕೊಡಬೇಕು. ಒಟ್ಟು 28.4 ಲಕ್ಷದಲ್ಲಿ ಕಮಿಷನ್ 2.4 ಲಕ್ಷವಾದರೆ ಅದು ಸುಮಾರು ಶೇಕಡಾ 8.5.