ಆತನ ಶನಿ, ಆಕೆಯ ಚಂದ್ರ

"ಸಾಲಾವಳಿಯಲ್ಲಿ ಗುಣ ಚೆನ್ನಾಗೇ ಬಂದಿತ್ತಲ್ಲ ಗುರುಗಳೇ, ಮತ್ಯಾಕೆ ಹೀಗೆ?" ಮದುವೆಯಾಗಿ ಐದಾರು ವರ್ಷ ಕಳೆದ ಜೋಡಿಗಳು ಹೆಚ್ಚಾಗಿ ಈ ಪ್ರಶ್ನೆ ಹಿಡಿದೇ ಬರುತ್ತಾರೆ. ಸಾಲಾವಳಿ ಸುಳ್ಳಲ್ಲ. ಆದರೆ ಅದು ನೋಡುವುದು ಇಬ್ಬರ ಚಂದ್ರನನ್ನು ಮಾತ್ರ. ಎಂಟು ಕೂಟ, 36 ಗುಣ, ಎಲ್ಲವೂ ಜನ್ಮನಕ್ಷತ್ರ ಮತ್ತು ರಾಶಿಯಿಂದಲೇ ಹುಟ್ಟುತ್ತವೆ. ಉಳಿದ ಗ್ರಹಗಳು ಲೆಕ್ಕಕ್ಕೇ ಬರುವುದಿಲ್ಲ. ದಂಪತಿ ಎಲ್ಲಿ ಗಟ್ಟಿ, ಎಲ್ಲಿ ಪದೇ ಪದೇ ತಿಕ್ಕಾಟ ಎಂದು ತಿಳಿಯಬೇಕಾದರೆ ಒಬ್ಬರ ಕುಂಡಲಿಯ ಮೇಲೆ ಇನ್ನೊಬ್ಬರ ಗ್ರಹಗಳನ್ನು ಇಟ್ಟು ನೋಡಬೇಕು. ಪಾಶ್ಚಾತ್ಯ ಜ್ಯೋತಿಷಿಗಳು ಸಿನಾಸ್ಟ್ರಿ ಎನ್ನುವುದು ಇದನ್ನೇ.

ಒಂದು ಜೋಡಿಯ ಜಾತಕ ತೆಗೆದುಕೊಳ್ಳೋಣ. ಗುರುತು ಸಿಗದಂತೆ ಬೇರೆ ವಿವರ ಬದಲಿಸಿದ್ದೇನೆ, ಗ್ರಹಸ್ಥಿತಿ ಇದ್ದ ಹಾಗೇ ಇದೆ. ಆತ 1989ರ ನವೆಂಬರ್‌ನಲ್ಲಿ ಹುಟ್ಟಿದವನು, ಶತಭಿಷ ನಕ್ಷತ್ರ, ಕುಂಭ ರಾಶಿ. ಆಕೆ 1992ರ ಮೇ, ಪೂರ್ವಾಷಾಢ, ಧನು ರಾಶಿ. ಸಾಲಾವಳಿಯಲ್ಲಿ ಸುಮಾರು 23 ಗುಣ. 18 ದಾಟಿದರೆ ಆಗಬಹುದು ಎನ್ನುವುದು ವಾಡಿಕೆ, ಹಾಗಾಗಿ ಮನೆಯವರು ಖುಷಿಯಿಂದಲೇ 2018ರಲ್ಲಿ ಮದುವೆ ಮಾಡಿದರು. ಆದರೆ ಆ 23ರಲ್ಲಿ 15 ಗುಣ ನಾಡಿ ಮತ್ತು ರಾಶಿಕೂಟ ಎರಡರಿಂದಲೇ ಬಂದದ್ದು. ಸ್ವಭಾವದ ಹೊಂದಿಕೆ ನೋಡುವ ಗಣಕೂಟಕ್ಕೆ ಸೊನ್ನೆ. ಮೊತ್ತ ನೋಡಿ ಸುಮ್ಮನಾದವರು ಅದು ಎಲ್ಲಿಂದ ಬಂತೆಂದು ಕೇಳಲಿಲ್ಲ.

ಈಗ ಎರಡೂ ಕುಂಡಲಿ ಒಂದರ ಮೇಲೊಂದು ಇಡೋಣ. ಆಕೆಯ ಚಂದ್ರ ಧನುವಿನ 18ನೇ ಡಿಗ್ರಿಯಲ್ಲಿದ್ದಾನೆ. ಅದೇ ಧನುವಿನಲ್ಲಿ ಆತನ ಎರಡು ಗ್ರಹಗಳಿವೆ: 9ರ ಹತ್ತಿರ ಶುಕ್ರ, 16ರ ಹತ್ತಿರ ಶನಿ. ಶುಕ್ರ ಆಕೆಯ ಚಂದ್ರನ ರಾಶಿಯಲ್ಲಿ ಕೂತಿರುವುದರಿಂದ ಮೊದಲ ಭೇಟಿಯಲ್ಲೇ ಇಬ್ಬರಿಗೂ ಹಿಡಿಸಿದ್ದು ಆಶ್ಚರ್ಯವಲ್ಲ. ಆದರೆ ಡಿಗ್ರಿ ಲೆಕ್ಕದಲ್ಲಿ ಹತ್ತಿರ ಇರುವವನು ಶನಿ, ಎರಡೇ ಡಿಗ್ರಿ ಅಂತರ. ನಮ್ಮ ಪದ್ಧತಿಯಲ್ಲಿ ರಾಶಿ ಒಂದೇ ಆದರೆ ಯುತಿ ಎನ್ನುತ್ತೇವೆ. ನಾನು ಮಾತ್ರ ಐದು ಡಿಗ್ರಿಯೊಳಗೆ ಇರುವುದಕ್ಕೇ ಹೆಚ್ಚು ತೂಕ ಕೊಡುತ್ತೇನೆ. ದಿನಬಳಕೆಯ ಮಾತುಕತೆಯಲ್ಲಿ ಕಾಣಿಸಿಕೊಳ್ಳುವುದು ಇಂಥವೇ.

ಚಂದ್ರ ಮನಸ್ಸು. ಶನಿ ಕರ್ತವ್ಯ, ಲೆಕ್ಕ, ತಡೆ. ಆಕೆ ಸಂಜೆ ಆಫೀಸಿನ ಕಿರಿಕಿರಿ ಹೇಳಿಕೊಳ್ಳಲು ಶುರು ಮಾಡಿದರೆ ಆತ "ಸರಿ, ಅದಕ್ಕೀಗ ಏನ್ ಮಾಡ್ಬೇಕು ಹೇಳು" ಅನ್ನುತ್ತಾನೆ. ಆತನ ಪ್ರಕಾರ ಅದು ಕಾಳಜಿ. ಆಕೆಗೆ ಅದು ಬಾಗಿಲು ಹಾಕಿದ ಹಾಗೆ. ಎರಡನೇ ಸಲ, ಮೂರನೇ ಸಲ ಆಕೆ ಹೇಳುವುದನ್ನೇ ಬಿಟ್ಟಳು. ಆತನಿಗೆ ಅದೂ ಗೊತ್ತಾಗಲಿಲ್ಲ. ಇಂಥ ಸಂಬಂಧದಲ್ಲಿ ಶನಿ ಯಾರದ್ದೋ ಅವರಿಗೆ ಭಾರ ತಿಳಿಯುವುದಿಲ್ಲ, ಚಂದ್ರ ಯಾರದ್ದೋ ಅವರಿಗೇ ತಿಳಿಯುವುದು. ಹಾಗಾಗಿ ಯಾರ ಗ್ರಹ ಯಾರ ಮೇಲೆ ಬಿದ್ದಿದೆ ಎನ್ನುವ ದಿಕ್ಕನ್ನು ಮೊದಲು ಗುರುತಿಸಿಕೊಳ್ಳಬೇಕು. "ಇಬ್ಬರ ನಡುವೆ ಶನಿ-ಚಂದ್ರ ಇದೆ" ಎಂದಷ್ಟೇ ಹೇಳಿ ಮುಗಿಸಿದರೆ ಅರ್ಧ ಓದಿದಂತೆ.

ಇಲ್ಲಿಗೇ ನಿಲ್ಲಿಸಿದರೆ ಆತನೇ ತಪ್ಪಿತಸ್ಥ ಎಂದಾಗುತ್ತದೆ. ಆಕೆಯ ಕಡೆಯಿಂದಲೂ ನೋಡಬೇಕು. ಆಕೆಯ ಶನಿ ಸ್ವಕ್ಷೇತ್ರ ಮಕರದಲ್ಲಿ, 24ನೇ ಡಿಗ್ರಿಯಲ್ಲಿದ್ದಾನೆ. ಶನಿ ತಾನಿರುವ ರಾಶಿಯಿಂದ ಎಣಿಸಿ 3, 7, 10ನೇ ರಾಶಿಗಳ ಮೇಲೆ ದೃಷ್ಟಿ ಬೀರುತ್ತಾನೆ. ಮಕರದಿಂದ ಹತ್ತನೆಯದು ತುಲಾ, ಅಲ್ಲಿ 22ರಲ್ಲಿ ಆತನ ರವಿ, ಅದೂ ಅವನ ಬಲ ಕುಂದುವ ನೀಚರಾಶಿಯಲ್ಲಿ. ರವಿ ಎಂದರೆ ಮಾನ, ತನ್ನ ಕೆಲಸದ ಬಗ್ಗೆ ಇರುವ ಹೆಮ್ಮೆ. ಆತ ನನಗೆ ಹೇಳಿದ್ದು ಒಂದೇ ಮಾತು: "ನಾನು ಮಾಡಿದ್ದು ಯಾವ್ದೂ ಇವ್ಳಿಗೆ ಸಾಲಲ್ಲ ಸಾರ್." ಆಕೆ ದಂಗಾಗಿ ನೋಡಿದಳು, ತಾನು ಹಾಗೆ ಒಮ್ಮೆಯೂ ಅಂದಿಲ್ಲ ಎಂದಳು. ಅಂದಿಲ್ಲವೇನೋ. ಆದರೆ ಪ್ರಮೋಷನ್ ಬಂದ ದಿನ "ಸಂಬಳ ಎಷ್ಟು ಜಾಸ್ತಿ ಆಯ್ತು" ಎಂದು ಮೊದಲು ಕೇಳಿದ್ದನ್ನು ಆತ ಇನ್ನೂ ಮರೆತಿಲ್ಲ. ಹೀಗೆ ಇಬ್ಬರೂ ಶನಿಯಿಂದಲೇ ಒತ್ತುತ್ತಿದ್ದಾರೆ, ಆತ ಆಕೆಯ ಮನಸ್ಸನ್ನು, ಆಕೆ ಆತನ ಮಾನವನ್ನು. ನೋವಿನ ಜಾಗ ಬೇರೆ ಬೇರೆಯಾದ್ದರಿಂದ ಒಬ್ಬರ ದೂರು ಇನ್ನೊಬ್ಬರಿಗೆ ಅರ್ಥವೇ ಆಗುತ್ತಿರಲಿಲ್ಲ.

ಗಟ್ಟಿಯಾದದ್ದು ಏನೆಂದರೆ ಗುರು. ಆತನ ಗುರು ಮಿಥುನದ 17ರಲ್ಲಿ ನಿಂತು ಏಳನೇ ದೃಷ್ಟಿಯಿಂದ ಆಕೆಯ ಚಂದ್ರನನ್ನು ನೇರ ನೋಡುತ್ತಾನೆ. ಆಕೆಯ ಗುರು ಸಿಂಹದ 12ರಿಂದ ಆತನ ಕುಂಭದ ಚಂದ್ರನನ್ನು ನೋಡುತ್ತಾನೆ, ಅದೂ ಎರಡು ಡಿಗ್ರಿಯ ಅಂತರದಲ್ಲೇ. ಎರಡೂ ಕಡೆಯಿಂದ ಇಷ್ಟು ಹತ್ತಿರದ ಗುರುದೃಷ್ಟಿ ದಿನಾ ಸಿಗುವುದಲ್ಲ. ಇದರ ಗುರುತು ಜಗಳದಲ್ಲೇ ಸಿಗುತ್ತದೆ. ಎಷ್ಟೇ ಜೋರಾಗಿ ಕಿತ್ತಾಡಿದರೂ ಒಬ್ಬರ ಅಪ್ಪ-ಅಮ್ಮನ ಬಗ್ಗೆ ಇನ್ನೊಬ್ಬರು ಬಾಯಿ ಹಾಕಿದ್ದಿಲ್ಲ. ಆತನ ತಂದೆ ಆಸ್ಪತ್ರೆಯಲ್ಲಿದ್ದಾಗ ರಜೆ ಹಾಕಿ ರಾತ್ರಿ ಕಾದವಳು ಆಕೆ. ಆಕೆ ಓದು ಮುಂದುವರಿಸಲು ಫೀಸು ಕಟ್ಟಿದವನು ಆತ, ಯಾರಿಗೂ ಹೇಳದೆ.

ಇಲ್ಲೊಂದು ಎಚ್ಚರಿಕೆ ಬೇಕು. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ. ಹಾಗಾಗಿ 1988ರಿಂದ 1990ರವರೆಗೆ ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಗಂಡಸರ ಶನಿಯೂ ಧನುವಿನಲ್ಲೇ. ಆಕೆ ಆ ವಯಸ್ಸಿನ ಯಾರನ್ನು ಮದುವೆಯಾಗಿದ್ದರೂ ಈ ರಾಶಿಯ ಹೊಂದಿಕೆ ಬರುತ್ತಿತ್ತು. ಡಿಗ್ರಿಯ ಸಾಮೀಪ್ಯ ಇದನ್ನು ಕೆಲವು ತಿಂಗಳಿಗೆ ಇಳಿಸುತ್ತದೆಯೇ ಹೊರತು ಒಬ್ಬನಿಗೇ ಅಲ್ಲ. ರವಿ, ಚಂದ್ರ, ಕುಜ, ಶುಕ್ರ ಬೇಗ ಓಡುವವರು, ಅವರ ಸ್ಥಾನವೇ ಆ ಜೋಡಿಯ ಸ್ವಂತ. ಆಕೆಯ ಶನಿ ಆತನ ರವಿಯನ್ನು ಮುಟ್ಟಿದ್ದಕ್ಕೆ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೇ. ಇನ್ನು ಜನ್ಮಸಮಯ ಸರಿಯಿಲ್ಲದಿದ್ದರೆ ಲಗ್ನ ಬಿಟ್ಟುಬಿಡಬೇಕು, ಅದು ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಚಂದ್ರನೂ ದಿನಕ್ಕೆ 13 ಡಿಗ್ರಿಯಷ್ಟು ನಡೆಯುತ್ತಾನೆ. "ಬೆಳಿಗ್ಗೆಯೋ ಸಂಜೆಯೋ ನೆನಪಿಲ್ಲ" ಎನ್ನುವ ಜಾತಕದಲ್ಲಿ ಎರಡು ಡಿಗ್ರಿಯ ಮಾತಾಡುವುದು ಬರೀ ಜಂಬ.

ತಿಕ್ಕಾಟ ಯಾವಾಗ ಮೇಲೆದ್ದೀತು ಎನ್ನುವುದಕ್ಕೆ ಗೋಚಾರ, ಅಂದರೆ ಆಯಾ ಕಾಲದ ಗ್ರಹಸಂಚಾರ ನೋಡಬೇಕು. 2020ರ ಜನವರಿಯಲ್ಲಿ ಶನಿ ಮಕರಕ್ಕೆ ಬಂದ. ಆಗ ಧನುವಿನವರ ಸಾಡೇಸಾತಿ ಕೊನೆಯ ಹಂತದಲ್ಲಿತ್ತು, ಕುಂಭದವರದ್ದು ಶುರುವಾಯಿತು. 2023ರ ಆರಂಭದವರೆಗೆ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಶನಿ. ದಿನವಿಡೀ ಒಂದೇ ಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಲಾಕ್‌ಡೌನ್ ಬೇರೆ. ತೌರಿಗೆ ಹೋಗಿಬಿಡುತ್ತೇನೆ ಎಂಬ ಮಾತು ಬಂದದ್ದು ಆಗಲೇ. ಅದನ್ನೆಲ್ಲ ಶನಿಯ ತಲೆಗೇ ಕಟ್ಟಲು ನನಗೆ ಮನಸ್ಸಿಲ್ಲ, ಆ ಕಾಲದಲ್ಲಿ ಯಾವ ಮನೆ ನೆಮ್ಮದಿಯಾಗಿತ್ತು?

ಪರಿಹಾರ ಕೇಳಿದರು. ಎಳ್ಳೆಣ್ಣೆ ದೀಪ ಹಚ್ಚುವುದಿದ್ದರೆ ಹಚ್ಚಿ, ಬೇಡವೆನ್ನಲಾರೆ ಎಂದೆ. ಹೆಚ್ಚು ಒತ್ತಿ ಹೇಳಿದ್ದು ಬೇರೆ. ಆಕೆ ಮಾತಿಗೆ ಮೊದಲು "ಉಪಾಯ ಬೇಡ, ಕೇಳಿಸಿಕೊಳ್ಳಿ ಸಾಕು" ಎಂದು ಹೇಳಬೇಕು, ಏಕೆಂದರೆ ಶನಿಯವನಿಗೆ ತಾನಾಗಿ ಗೊತ್ತಾಗುವುದಿಲ್ಲ. ಆತನ ಕೆಲಸದ ವಿಷಯದಲ್ಲಿ ಮೆಚ್ಚುಗೆಯ ಮಾತು ಮೊದಲು ಬರಲಿ, ಲೆಕ್ಕ ಮರುದಿನ. (ಹೊಡೆತ, ಕುಡಿತ, ಬೆದರಿಕೆ ಇರುವ ಮನೆಗಳಿಗೆ ಈ ಓದು ಅಲ್ಲ. ಅಂಥವರನ್ನು ಕುಂಡಲಿ ತೆರೆಯುವ ಮೊದಲೇ ವಕೀಲರ ಬಳಿ ಕಳಿಸುತ್ತೇನೆ.)

ಅವರು ಫ್ಲಾಟ್ ಕೊಳ್ಳುವ ಯೋಚನೆಯಲ್ಲಿದ್ದರು. ಮೀನದಲ್ಲಿರುವ ಶನಿಯ ಹತ್ತನೇ ದೃಷ್ಟಿ ಮತ್ತೆ ಅದೇ ಧನುವಿಗೆ. ಅದು ಆಕೆಯ ಚಂದ್ರನ ಡಿಗ್ರಿಗೆ ಹತ್ತಿರವಾಗುವುದು 2026ರ ಮೇ-ಜೂನ್‌ನಲ್ಲಿ ಒಮ್ಮೆ, ವಕ್ರಿಯಾಗಿ ಹಿಂದಿರುಗುವಾಗ ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ. ಸಾಲದ ಕಂತು ಯಾರು ಎಷ್ಟು ಕಟ್ಟಬೇಕು ಎನ್ನುವುದನ್ನು ಅದಕ್ಕೆ ಮುಂಚೆಯೇ ಇಬ್ಬರೂ ಕೂತು ಬರೆದಿಟ್ಟುಕೊಳ್ಳಿ ಎಂದೆ.