ಸಿಸ್ಟರ್ ಕನ್ಸರ್ನ್‌ಗೆ ಮಾಲು ಮಾರಿದರೆ ಲೆಕ್ಕ ಎಲ್ಲಿ ತಪ್ಪುತ್ತದೆ?

ಪೀಣ್ಯದಲ್ಲಿ ವಾಲ್ವ್ ತಯಾರಿಸುವ ಒಂದು ಕಂಪನಿ ಇದೆ ಅಂದುಕೊಳ್ಳೋಣ. ಆ ವಾಲ್ವ್‌ಗಳನ್ನು ಕೊಯಮತ್ತೂರಿನ ಇನ್ನೊಂದು ಕಂಪನಿ ಕೊಂಡು ಗಿರಾಕಿಗಳಿಗೆ ಮಾರುತ್ತದೆ. ಮಾಲೀಕರು ಒಬ್ಬರೇ, ಕಂಪನಿ ಎರಡು. ವ್ಯಾಪಾರದವರ ಬಾಯಲ್ಲಿ ಇವು ಸಿಸ್ಟರ್ ಕನ್ಸರ್ನ್‌ಗಳು.

ಹೊರಗಿನವರಿಗೆ ಇದು ಬಲಗೈಯಿಂದ ಎಡಗೈಗೆ ಕೊಟ್ಟ ಹಾಗೆ ಕಾಣುತ್ತದೆ. ಕಾನೂನಿಗೆ ಹಾಗಲ್ಲ. ಎರಡಕ್ಕೂ ಬೇರೆ ಬೇರೆ ಪ್ಯಾನ್, ಬೇರೆ ಜಿಎಸ್‌ಟಿ ನಂಬರ್, ಬೇರೆ ಬ್ಯಾಲೆನ್ಸ್ ಶೀಟ್. ದುಡ್ಡು ತೆಗೆದುಕೊಳ್ಳದೆ ಸುಮ್ನೆ ಮಾಲು ಕಳಿಸಿದರೂ ಜಿಎಸ್‌ಟಿ ಕಣ್ಣಿಗೆ ಅದು ಸರಬರಾಜೇ. ಹಾಗಾಗಿ ಬಿಲ್ ಬೇಕೇ ಬೇಕು.

ಒಂದು ವಾಲ್ವ್ ತಯಾರಿಸಲು ಪೀಣ್ಯಕ್ಕೆ 4,000 ರೂಪಾಯಿ ಖರ್ಚು. ಅದರ ಮೇಲೆ 15% ಸೇರಿಸಿ 4,600ಕ್ಕೆ ಕೊಯಮತ್ತೂರಿಗೆ ಕೊಡುತ್ತದೆ. 100 ವಾಲ್ವ್‌ಗೆ 4,60,000. ಬೇರೆ ರಾಜ್ಯಕ್ಕೆ ಹೋಗುವುದರಿಂದ ಐಜಿಎಸ್‌ಟಿ ಬೀಳುತ್ತದೆ. 18% ಅಂತ ಹಿಡಿದರೆ 82,800. ಒಟ್ಟು ಬಿಲ್ 5,42,800. ಪೀಣ್ಯದ ಪುಸ್ತಕದಲ್ಲಿ ಇದು ಮಾರಾಟ ಮತ್ತು ಬರಬೇಕಾದ ಬಾಕಿ. ಕೊಯಮತ್ತೂರಿನ ಪುಸ್ತಕದಲ್ಲಿ ಖರೀದಿ ಮತ್ತು ಕೊಡಬೇಕಾದ ಬಾಕಿ. ಎರಡೂ ಕಡೆ ಅದೇ ಮೊತ್ತ ಇರಬೇಕು.

ಮೊದಲೆಲ್ಲ ಒಂದು ಕಡೆಯ ಬಿಲ್ ನೋಡಿಕೊಂಡು ಇನ್ನೊಂದು ಕಡೆಯ ಅಕೌಂಟೆಂಟ್ ಮತ್ತೆ ಟೈಪ್ ಮಾಡುತ್ತಿದ್ದರು. ಕಂಪನಿಯ ಬಿಲ್, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿ ತಂತ್ರಾಂಶ ಆ ಕೆಲಸ ತಪ್ಪಿಸುತ್ತದೆ. ಮುಂಬೈನಲ್ಲಿ ಹುಟ್ಟಿದ ERPNext ಎಂಬ ಮುಕ್ತ ತಂತ್ರಾಂಶವನ್ನೇ ನೋಡಿ. ಪೀಣ್ಯದ ಕಡೆ ಕೊಯಮತ್ತೂರಿನ ಕಂಪನಿಯನ್ನು ಗಿರಾಕಿಯಾಗಿ ಸೇರಿಸುವಾಗ Is Internal Customer ಅಂತ ಟಿಕ್ ಹಾಕಿ, ಈ ಗಿರಾಕಿ ನಮ್ಮದೇ ಯಾವ ಕಂಪನಿ ಅನ್ನುವುದನ್ನು Represents Company ಜಾಗದಲ್ಲಿ ತುಂಬಬೇಕು. ಕೊಯಮತ್ತೂರಿನ ಕಡೆ ಪೀಣ್ಯವನ್ನು ಸಪ್ಲೈಯರ್ ಆಗಿ ಸೇರಿಸಿ ಇದೇ ಕೆಲಸ ಮಾಡಬೇಕು. ಆಮೇಲೆ ಮಾರಾಟದ ಬಿಲ್‌ನಿಂದಲೇ Inter Company Purchase Invoice ಹುಟ್ಟಿಸಬಹುದು. ಐಟಂ, ಸಂಖ್ಯೆ, ದರ ಎಲ್ಲ ತಾನಾಗಿ ಬರುತ್ತದೆ. ಹೊಸ ದಾಖಲೆಯಲ್ಲಿ ಮೂಲ ಬಿಲ್‌ನ ನಂಬರೂ ಕೂತಿರುತ್ತದೆ. ಇದೇ ಕನ್ನಡಿ ದಾಖಲೆ. ದರದ ಪಟ್ಟಿ ಕೂಡ ಒಂದೇ. ಅದಕ್ಕೆ Buying, Selling ಎರಡೂ ಟಿಕ್ ಆಗಿರಬೇಕು, ಇಲ್ಲದಿದ್ದರೆ ಸಿಸ್ಟಮ್ ಮುಂದಕ್ಕೆ ಬಿಡುವುದಿಲ್ಲ.

ಇಷ್ಟಾದರೆ ಟೈಪಿಂಗ್ ತಪ್ಪು ಹೋಯಿತು. ಕಾಲದ ತಪ್ಪು ಹೋಗಲಿಲ್ಲ.

ಲಾರಿ ಮಾರ್ಚ್ 30ಕ್ಕೆ ಪೀಣ್ಯ ಬಿಟ್ಟು ಏಪ್ರಿಲ್ 2ಕ್ಕೆ ಕೊಯಮತ್ತೂರು ತಲುಪಿತು ಅನ್ನಿ. ಪೀಣ್ಯ ಮಾರ್ಚ್‌ನಲ್ಲೇ ಬಿಲ್ ಹಾಕಿ ಸ್ಟಾಕ್ ಇಳಿಸಿದೆ. ಕೊಯಮತ್ತೂರು ಮಾಲು ಕೈಗೆ ಬಂದ ದಿನ ಖರೀದಿ ಬರೆದಿದೆ. ಮಾರ್ಚ್ 31ರ ರಾತ್ರಿ ಎರಡೂ ಪುಸ್ತಕ ಕೂಡಿಸಿ ನೋಡಿದರೆ 100 ವಾಲ್ವ್ ಎಲ್ಲೂ ಇಲ್ಲ! ಪೀಣ್ಯಕ್ಕೆ 5,42,800 ಬರಬೇಕು, ಆದರೆ ಕೊಡಬೇಕಾದವರೇ ಇಲ್ಲ. ಇದಕ್ಕೆ ಮದ್ದು ಅಂದರೆ 'ದಾರಿಯಲ್ಲಿರುವ ಮಾಲು' ಅಂತ ಒಂದು ಗೋದಾಮನ್ನು ಸಿಸ್ಟಮ್‌ನಲ್ಲಿ ತೆರೆದು, ಮಾರ್ಚ್ ತಾರೀಖಿಗೇ ಖರೀದಿಯನ್ನು ಅದರೊಳಗೆ ಹಾಕುವುದು. ಆದರೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ ಮಾತ್ರ ಮಾಲು ನಿಜವಾಗಿ ಕೈ ಸೇರಿದ ಮೇಲೆಯೇ ಸಿಗುವುದು, ಅಂದರೆ ಏಪ್ರಿಲ್‌ನಲ್ಲಿ.

ಇಂಥ ತಪ್ಪು ಹುಡುಕಲು ದೊಡ್ಡ ವಿದ್ಯೆ ಬೇಕಿಲ್ಲ. ಪ್ರತಿ ತಿಂಗಳ ಕೊನೆಗೆ ಒಬ್ಬರ ಬರಬೇಕಾದ ಬಾಕಿಯಿಂದ ಇನ್ನೊಬ್ಬರ ಕೊಡಬೇಕಾದ ಬಾಕಿ ಕಳೆಯಿರಿ. ಸೊನ್ನೆ ಬರಬೇಕು. ಬರದಿದ್ದರೆ ಮೊತ್ತವೇ ಸುಳಿವು ಕೊಡುತ್ತದೆ. ವ್ಯತ್ಯಾಸ ಸರಿಯಾಗಿ 5,42,800 ಇದ್ದರೆ ಇಡೀ ಒಂದು ಬಿಲ್ ಇನ್ನೊಂದು ಕಡೆ ಏರಿಲ್ಲ. 10,856 ಇದ್ದರೆ? 4,600ರ ಎರಡು ವಾಲ್ವ್, ಮೇಲೆ 18% ತೆರಿಗೆ. ಅಂದರೆ ಎರಡು ಪೀಸ್ ಒಡೆದು ಬಂದಿವೆ, ಕೊಯಮತ್ತೂರು ಡೆಬಿಟ್ ನೋಟ್ ಹಾಕಿದೆ, ಪೀಣ್ಯ ಕ್ರೆಡಿಟ್ ನೋಟ್ ಹಾಕಿಲ್ಲ. ಬರೀ 40 ಪೈಸೆ ಇದ್ದರೆ ಒಂದು ಕಡೆ ರೌಂಡ್ ಆಫ್ ಆಗಿದೆ, ಇನ್ನೊಂದು ಕಡೆ ಆಗಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬಾಕಿ ತಾಳೆಯಾದರೂ ಒಂದು ಗಂಟು ಉಳಿಯುತ್ತದೆ, ಅದು ಲಾಭದ್ದು. ಮೊದಲೇ ತಲುಪಿದ್ದ ಇನ್ನೊಂದು 100ರ ಲೋಡ್‌ನಲ್ಲಿ 60 ವಾಲ್ವ್ ಮಾರಾಟವಾಗಿ 40 ಗೋದಾಮಿನಲ್ಲೇ ಉಳಿದಿವೆ ಅನ್ನೋಣ. ಒಂದೊಂದರ ಮೇಲೂ ಪೀಣ್ಯ 600 ರೂಪಾಯಿ ಲಾಭ ತೋರಿಸಿದೆ. ಆದರೆ ಆ 40ನ್ನು ಹೊರಗಿನ ಯಾರೂ ಇನ್ನೂ ಕೊಂಡಿಲ್ಲ. ಇಡೀ ಗುಂಪಿನ ಲೆಕ್ಕದಲ್ಲಿ ಈ 24,000 ಲಾಭವೇ ಅಲ್ಲ. ಒಟ್ಟು ಲೆಕ್ಕ ಮಾಡುವಾಗ ಅದನ್ನು ಲಾಭದಿಂದಲೂ ಸ್ಟಾಕ್ ಬೆಲೆಯಿಂದಲೂ ತೆಗೆಯಬೇಕು. ಕನ್ನಡಿ ದಾಖಲೆಗೆ ಇದು ಗೊತ್ತೇ ಆಗುವುದಿಲ್ಲ, ಅದರ ಪ್ರಕಾರ ಎರಡೂ ಕಡೆ 4,600 ಸರಿಯಾಗೇ ಇದೆ. ಬಹಳಷ್ಟು ಕಡೆ ಈ ಕೆಲಸ ಇನ್ನೂ ಎಕ್ಸೆಲ್‌ನಲ್ಲೇ ನಡೆಯುತ್ತದೆ.

ಈಗ ಆ 4,600 ಎಲ್ಲಿಂದ ಬಂತು ಅನ್ನುವ ಪ್ರಶ್ನೆ. ಕೊಯಮತ್ತೂರಿಗೆ ಪೂರ್ತಿ ಇನ್‌ಪುಟ್ ಕ್ರೆಡಿಟ್ ಸಿಗುವುದಾದರೆ ಜಿಎಸ್‌ಟಿಯವರು ಬಿಲ್‌ನಲ್ಲಿ ಬರೆದ ಬೆಲೆಯನ್ನೇ ಮಾರುಕಟ್ಟೆ ಬೆಲೆ ಅಂತ ಒಪ್ಪುತ್ತಾರೆ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕ್ರೆಡಿಟ್ ಆಗಿ ಪಡೆಯುತ್ತಾರೆ, ಸರ್ಕಾರಕ್ಕೆ ನಷ್ಟವಿಲ್ಲ ಅಲ್ವಾ? ಕೊಳ್ಳುವ ಕಂಪನಿ ದುಬೈನಲ್ಲಿದ್ದರೆ ಕಥೆ ಬೇರೆ. ಅಲ್ಲಿ ಕಂಪನಿ ತೆರಿಗೆ 9%, ಇಲ್ಲಿ ಸುಮಾರು 25%. ವಾಲ್ವ್ ಕೊನೆಗೆ 5,500ಕ್ಕೆ ಮಾರಾಟವಾಗುತ್ತದೆ ಅನ್ನಿ, ಬೇರೆ ಖರ್ಚು ಬಿಡಿ. 4,600ಕ್ಕೆ ಕಳಿಸಿದರೆ ಇಲ್ಲಿನ 600 ಲಾಭಕ್ಕೆ 150, ಅಲ್ಲಿನ 900ಕ್ಕೆ 81, ಒಟ್ಟು 231 ರೂಪಾಯಿ ತೆರಿಗೆ. 4,000ಕ್ಕೇ ಕಳಿಸಿಬಿಟ್ಟರೆ ಲಾಭವೆಲ್ಲ ಅಲ್ಲೇ, ತೆರಿಗೆ ಬರೀ 135. ಬಿಲ್‌ನಲ್ಲಿ ಒಂದು ಅಂಕಿ ಬದಲಾಯಿಸಿದ್ದಕ್ಕೆ ಪೀಸ್‌ಗೆ 96 ರೂಪಾಯಿ ಉಳಿತಾಯ. ಇದನ್ನು ತಡೆಯಲೆಂದೇ ಭಾರತ 2001ರಲ್ಲಿ ಟ್ರಾನ್ಸ್‌ಫರ್ ಪ್ರೈಸಿಂಗ್ ಕಾನೂನನ್ನು ವಿಸ್ತಾರವಾಗಿ ತಂದಿತು. ಸಂಬಂಧವೇ ಇಲ್ಲದ ಇಬ್ಬರು ಯಾವ ಬೆಲೆಗೆ ಒಪ್ಪುತ್ತಿದ್ದರೋ ಆ ಬೆಲೆಯನ್ನೇ ಇಲ್ಲೂ ಹಾಕಬೇಕು. ತಯಾರಿಕೆ ಖರ್ಚಿನ ಮೇಲೆ ಇಂತಿಷ್ಟು ಶೇಕಡಾ ಸೇರಿಸುವುದು ಆ ಬೆಲೆ ಕಂಡುಹಿಡಿಯುವ ದಾರಿಗಳಲ್ಲಿ ಒಂದು. ನಮ್ಮ 15% ಅದೇ. ಇದೇ ಧಂದೆಯ ಬೇರೆ ಕಂಪನಿಗಳು ಎಷ್ಟು ಇಟ್ಟುಕೊಳ್ಳುತ್ತವೆ ಅಂತ ತೋರಿಸಿ ಅದನ್ನು ಸಮರ್ಥಿಸಬೇಕು.

ಇಆರ್‌ಪಿ ಕೈಕೊಡುವುದು ಇಲ್ಲೇ. ವರ್ಷದ ಶುರುವಿನಲ್ಲಿ ದರಪಟ್ಟಿಯಲ್ಲಿ 4,600 ಬರೆದಿರುತ್ತಾರೆ. ನಡುವೆ ಕಬ್ಬಿಣ, ಹಿತ್ತಾಳೆ ದರ ಏರಿ ಖರ್ಚು 4,300 ಆಗುತ್ತದೆ. ದರಪಟ್ಟಿಗೆ ಅದು ಗೊತ್ತಿಲ್ಲ. ಪ್ರತಿ ಬಿಲ್ಲೂ ಎರಡೂ ಕಡೆ ತಾಳೆಯಾಗುತ್ತದೆ, ಒಂದು ಎರರ್ ಕೂಡ ಬರುವುದಿಲ್ಲ. ಆದರೆ 15% ಇದ್ದ ಅಂಚು ಸದ್ದಿಲ್ಲದೆ 7%ಗೆ ಇಳಿದಿರುತ್ತದೆ. ನನ್ನ ಮಟ್ಟಿಗೆ ಮೂರು ತಿಂಗಳಿಗೊಮ್ಮೆ ನಿಜವಾದ ಖರ್ಚು ನೋಡಿ, Valid From ತಾರೀಖು ಹಾಕಿ ಹೊಸ ದರ ಏರಿಸುವುದು ವಾಸಿ. ವರ್ಷದ ಕೊನೆಗೆ ಎಚ್ಚೆತ್ತವರು ಹೆಚ್ಚುವರಿ ಬಿಲ್ ಹಾಕಬೇಕಾಗುತ್ತದೆ. ಸರಿಯಾದ ಬೆಲೆ 4,945, ಕೊರತೆ ಪೀಸ್‌ಗೆ 345, 100 ಪೀಸ್‌ಗೆ 34,500.

ಈ ಬಿಲ್‌ನಲ್ಲಿ ಮಾಲಿಲ್ಲ, ಬರೀ ಮೊತ್ತ ಇದೆ. ಕೊಳ್ಳುವ ಕಡೆಯ ಕನ್ನಡಿ ದಾಖಲೆ ಆ 34,500ನ್ನೂ ಒಂದೇ ಖಾತೆಗೆ ಸುರಿಯುತ್ತದೆ. ಆದರೆ ಆ ಲೋಡ್‌ನಲ್ಲಿ 60 ಪೀಸ್ ಮಾರಾಟವಾಗಿವೆ, ಅವುಗಳ 20,700 ಈ ವರ್ಷದ ಖರ್ಚಿಗೆ ಹೋಗಬೇಕು. ಉಳಿದ 40ರ 13,800 ಸ್ಟಾಕ್ ಬೆಲೆಗೆ ಸೇರಬೇಕು. ಇದನ್ನು ಹಂಚಲು ERPNextನಲ್ಲಿ Landed Cost Voucher ಇದೆ. ಅದನ್ನು ಹಳೆಯ ಖರೀದಿ ರಶೀದಿಗೆ ಜೋಡಿಸಿದರೆ ಸ್ಟಾಕ್ ಬೆಲೆ ಹಿಂದಿನಿಂದ ಮತ್ತೆ ಲೆಕ್ಕವಾಗುತ್ತದೆ. ಅಷ್ಟರಲ್ಲಿ ಆ ತಿಂಗಳ ಪುಸ್ತಕ ಮುಚ್ಚಿದ್ದರೆ ಮಾತ್ರ ಸಿಸ್ಟಮ್ ಒಪ್ಪುವುದಿಲ್ಲ. ಆಗ ಜರ್ನಲ್ ಎಂಟ್ರಿಯನ್ನು ಕೈಯಲ್ಲೇ ಹಾಕಬೇಕು.