ಸ್ವರದ ಕೆಳಗೆ ಸಾಹಿತ್ಯ ಜಾರದ ಹಾಗೆ ಟೈಪ್ ಮಾಡುವುದು

ನಮ್ಮ ಅತ್ತೆ ಸಂಗೀತ ಕಲಿತಾಗ ಬರೆದುಕೊಂಡ ಎರಡು ನೋಟ್‌ಬುಕ್ ನನ್ನ ಹತ್ತಿರ ಇವೆ. ಮೇಲೆ ಸ್ವರ, ಕೆಳಗೆ ಸಾಹಿತ್ಯ, ನಡುವೆ ಕೆಂಪು ಪೆನ್ನಿನಲ್ಲಿ ತಾಳದ ಗೆರೆ. ಯಾವ ಸ್ವರಕ್ಕೆ ಯಾವ ಅಕ್ಷರ, ಎಲ್ಲಿ ತಟ್ಟು, ಎಲ್ಲಿ ಬೀಸು ಎಂದು ಕಣ್ಣು ಹಾಯಿಸಿದರೆ ಗೊತ್ತಾಗುತ್ತದೆ. ಹಾಳೆ ಪುಡಿಯಾಗುತ್ತಿದೆ, ಟೈಪ್ ಮಾಡಿ ಇಡೋಣ ಎಂದು ಕೂತೆ. ಮೊದಲ ಪುಟ ಮುಗಿಸಿ ಫೋನಿನಲ್ಲಿ ಕಳಿಸಿದೆ. ಆ ಕಡೆ ತೆರೆದಾಗ ಸಾಹಿತ್ಯವೆಲ್ಲ ಎಡಕ್ಕೆ ಜಾರಿತ್ತು. ‘ಥ’ ಇರಬೇಕಾದ ಕಡೆ ‘ಸಿಂ’ ಬಂದು ಕೂತಿತ್ತು. ಆ ಹಾಳೆ ನೋಡಿ ಯಾರೂ ಹಾಡಲು ಆಗುತ್ತಿರಲಿಲ್ಲ.

ಯಾಕೆ ಹೀಗಾಗುತ್ತದೆ ಎನ್ನುವುದನ್ನು ನಮಗೆಲ್ಲ ಗೊತ್ತಿರುವ ಪಿಳ್ಳಾರಿ ಗೀತೆಯಲ್ಲೇ ನೋಡೋಣ. ಮಲಹರಿ ರಾಗ, ರೂಪಕ ತಾಳ. ಒಂದು ಆವರ್ತಕ್ಕೆ ಎರಡು ಅಕ್ಷರಕಾಲದ ದ್ರುತ, ಆಮೇಲೆ ನಾಲ್ಕರ ಲಘು, ಒಟ್ಟು 6. ಮೊದಲ ಎರಡು ಆವರ್ತ ಹೀಗಿವೆ:

```
ಮ ಪ | ದ ಸ^ ಸ^ ರಿ^ || ರಿ^ ಸ^ | ದ ಪ ಮ ಪ ||
ಶ್ರೀ - | ಗ ಣ ನಾ ಥ || ಸಿಂ ಧೂ | - ರ ವ ರ್ಣ ||
```

ಟೊಪ್ಪಿ ಗುರುತು ತಾರಸ್ಥಾಯಿಗೆ, ಅಡ್ಡಗೆರೆ ‘ಹಿಂದಿನ ಅಕ್ಷರವನ್ನೇ ಎಳೆ’ ಎನ್ನುವುದಕ್ಕೆ. ಎರಡೂ ಸಾಲಿನಲ್ಲಿ ಹನ್ನೆರಡು ಹನ್ನೆರಡು ಮನೆ ಇವೆ, ಲೆಕ್ಕ ಸರಿಯಾಗಿದೆ. ಆದರೂ ಮೇಲಿನ ಗೆರೆ, ಕೆಳಗಿನ ಗೆರೆ ನಿಮ್ಮ ಪರದೆಯ ಮೇಲೆ ಒಂದರ ಕೆಳಗೆ ಒಂದು ನಿಂತಿರಲಿಕ್ಕಿಲ್ಲ.

ಇದಕ್ಕೆ ಕಾರಣ ನಮ್ಮ ಲಿಪಿಯಲ್ಲೇ ಇದೆ. ಇಂಗ್ಲಿಷಿಗೆ ಟೈಪ್‌ರೈಟರ್ ಥರದ ಫಾಂಟ್‌ಗಳಿವೆ, ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಅಲ್ಲಿ ಸ್ಪೇಸ್ ಒತ್ತಿ ಒತ್ತಿ ಸಾಲು ಹೊಂದಿಸಬಹುದು. ಕನ್ನಡದಲ್ಲಿ ‘ರ’ ಸಣ್ಣದು, ‘ಣ’ ಅಗಲ, ‘ಶ್ರೀ’ ಇನ್ನೂ ಅಗಲ. ಎಷ್ಟು ಅಗಲ ಎನ್ನುವುದೂ ಫಾಂಟಿನಿಂದ ಫಾಂಟಿಗೆ ಬೇರೆ. ನನ್ನ ಕಂಪ್ಯೂಟರಿನಲ್ಲಿ ಮೂರು ಸ್ಪೇಸ್ ಹಾಕಿ ಸರಿಮಾಡಿದ್ದು ನಿಮ್ಮ ಫೋನಿನ ಫಾಂಟಿನಲ್ಲಿ ಎರಡೂವರೆ ಆಗಬಹುದು. ಒಂದು ಸಾಲಿನಲ್ಲಿ ಹತ್ತು ಕಡೆ ಸ್ವಲ್ಪ ಸ್ವಲ್ಪ ಜಾರಿದರೆ ಕೊನೆಗೆ ಒಂದು ಪೂರ್ತಿ ಸ್ವರದಷ್ಟು ದೂರ ಹೋಗಿರುತ್ತದೆ.

ಅಕ್ಷರ ಎಣಿಸಿ ಹೊಂದಿಸೋಣ ಎಂದರೂ ಕಂಪ್ಯೂಟರಿನ ಎಣಿಕೆಯೇ ಬೇರೆ. ‘ಗ’ ಅದಕ್ಕೆ ಒಂದು ಸಂಕೇತ. ‘ಶ್ರೀ’ ನಾಲ್ಕು: ಶ, ಅರ್ಧಾಕ್ಷರದ ಗುರುತು, ರ, ಆಮೇಲೆ ಈಕಾರದ ಗುಣಿತ. ‘ರ್ಣ’ ಮೂರು. ಹಾಡುವವರಿಗೆ ಮಾತ್ರ ಇಲ್ಲಿ ಗ ಒಂದು ಅಕ್ಷರಕಾಲ, ಶ್ರೀ ಎರಡು, ರ್ಣ ಒಂದು. ಬರೆಯುವ ಅಕ್ಷರ, ಯಂತ್ರ ಎಣಿಸುವ ಅಕ್ಷರ, ತಾಳದ ಅಕ್ಷರ, ಮೂರಕ್ಕೂ ಒಂದೇ ಹೆಸರು, ಆದರೆ ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ನಾವು ಹೊಂದಿಸಬೇಕಾದದ್ದು ಮೂರನೆಯದನ್ನು, ಅಂದರೆ ಕಾಲವನ್ನು. ಸ್ಪೇಸ್ ಹಾಕಿ ನಾವು ಹೊಂದಿಸುತ್ತಿರುವುದು ಅಗಲವನ್ನು, ಅಲ್ವಾ? ಅಗಲಕ್ಕೂ ಕಾಲಕ್ಕೂ ಸಂಬಂಧವೇ ಇಲ್ಲ.

ಹಾಗಾಗಿ ನಾನು ಕೆಲಸವನ್ನು ಎರಡು ಭಾಗ ಮಾಡಿಕೊಂಡೆ. ಮೊದಲು ಮೇಲೆ ತೋರಿಸಿದ ಥರ ಸಾದಾ ಪಠ್ಯ. ಒಂದು ಅಕ್ಷರಕಾಲಕ್ಕೆ ಒಂದು ಮನೆ, ಮನೆಗಳ ನಡುವೆ ಒಂದೇ ಸ್ಪೇಸ್, ಯಾವ ಮನೆಯೂ ಖಾಲಿ ಇರಬಾರದು. ನೋಡಲು ಚೆಂದ ಇರಬೇಕಾಗಿಲ್ಲ. ಆಮೇಲೆ ಅದನ್ನು ಟೇಬಲ್ ಮಾಡುವುದು. ಸ್ಪೇಸ್ ಬಂದ ಕಡೆಯೆಲ್ಲ ಒಂದೊಂದು ಸೆಲ್, ಎಲ್ಲ ಸೆಲ್ಲಿಗೂ ಒಂದೇ ಅಗಲ. ಸ್ಪ್ರೆಡ್‌ಶೀಟಿನಲ್ಲಿ ಪಠ್ಯವನ್ನು ಕಾಲಮ್ಮಾಗಿ ಒಡೆಯುವ ಸೌಲಭ್ಯ ಇದ್ದೇ ಇರುತ್ತದೆ, ಸ್ಪೇಸ್‌ನಿಂದ ಒಡೆ ಎಂದು ಹೇಳಿದರೆ ಆಯಿತು. ಸೆಲ್ಲಿನೊಳಗೆ ಶ್ರೀ ಎಷ್ಟು ಅಗಲ ಇದ್ದರೂ ಪಕ್ಕದ ಮನೆಯನ್ನು ತಳ್ಳುವುದಿಲ್ಲ. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ಟೇಬಲ್ಲನ್ನು ಕಾಪಿ ಮಾಡಿ ಮೆಸೇಜಿಗೆ ಅಂಟಿಸಿದರೆ ಸೆಲ್‌ಗಳು ಹೋಗಿ ಬರೀ ಸ್ಪೇಸ್ ಉಳಿಯಬಹುದು, ಮತ್ತೆ ಅದೇ ಕಥೆ.

ಹೀಗೆ ಮನೆ ಲೆಕ್ಕದಲ್ಲಿ ಬರೆಯುವಾಗ ದೀರ್ಘದ ವಿಷಯ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ನಮ್ಮ ಪದ್ಧತಿಯಲ್ಲಿ ‘ಮ’ ಎಂದರೆ ಒಂದು, ‘ಮಾ’ ಎಂದರೆ ಎರಡು. ಕೋಮಾ ಒಂದು ಅಕ್ಷರಕಾಲದ ಎಳೆತ, ಸೆಮಿಕೋಲನ್ ಎರಡರದ್ದು. ನೋಟ್‌ಬುಕ್ಕಿನಲ್ಲಿ ಒಂದು ಕಡೆ ‘ಮಾ’ ಇರುತ್ತದೆ, ಇನ್ನೊಂದು ಕಡೆ ‘ಮ ,’ ಇರುತ್ತದೆ. ಎರಡೂ ಒಂದೇ. ಬರೆದವರಿಗೆ ಗೊತ್ತು, ಸುಮ್ನೆ ಕೈಗೆ ಬಂದ ಹಾಗೆ ಬರೆದಿರುತ್ತಾರೆ. ಟೈಪ್ ಮಾಡುವಾಗ ನಾನು ಎಲ್ಲ ದೀರ್ಘವನ್ನೂ ಬಿಡಿಸಿ ‘ಮ ,’ ಎಂದೇ ಹಾಕುತ್ತೇನೆ, ಸೆಮಿಕೋಲನ್ನನ್ನು ಎರಡು ಕೋಮಾ ಮಾಡುತ್ತೇನೆ. ಆಗ ಮನೆ ಎಣಿಸಿದರೆ ಕಾಲ ಎಣಿಸಿದ ಹಾಗೇ.

ಎಣಿಸುವ ಕೆಲಸವನ್ನು ಈಗ ಯಂತ್ರಕ್ಕೇ ಬಿಡಬಹುದು. ಪೈಥಾನ್ ಇದ್ದರೆ ಇಷ್ಟು ಸಾಕು:

```python
def mane(line):
    parts = line.replace("||", "|").split("|")
    return [len(p.split()) for p in parts if p.strip()]

print(mane("ಸ ರಿ | ಮ , ಗ ರಿ || ಸ ರಿ | ಗ ರಿ ಸ , ||"))
```

ಇದು ಅದೇ ಗೀತೆಯ ‘ಲಂಬೋದರ’ ಸಾಲು. ಉತ್ತರ `[2, 4, 2, 4]` ಎಂದು ಬರಬೇಕು, ದ್ರುತ, ಲಘು, ದ್ರುತ, ಲಘು. ಸಾಹಿತ್ಯದ ಸಾಲನ್ನು ಕೊಟ್ಟರೂ ಅದೇ ಬರಬೇಕು. ಅತ್ತೆಯ ಪುಟದಲ್ಲಿ ಇಲ್ಲಿ ‘ಮಾ ಗ ರಿ’ ಎಂದಿತ್ತು, ಆದರೆ ‘ಮಾ’ದ ದೀರ್ಘ ಹಾಳೆಯ ಮಡಿಕೆಯಲ್ಲಿ ಅಳಿಸಿಹೋಗಿತ್ತು. ನಾನು ‘ಮ ಗ ರಿ’ ಎಂದು ಓದಿ ಟೈಪ್ ಮಾಡಿದ್ದೆ. `[2, 3, 2, 4]` ಬಂತು. ಲಘುವಿಗೆ ನಾಲ್ಕು ಇರಲೇಬೇಕು, ಒಂದು ಕಡಿಮೆ ಇದೆ, ಅದೂ ಮೊದಲ ಆವರ್ತದ ಲಘುವಿನಲ್ಲೇ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ದೀರ್ಘದ ಬಾಲ ಕಾಣಿಸಿತು. ತಾಳದ ಗೆರೆಗಳನ್ನು ಬಿಡದೆ ಟೈಪ್ ಮಾಡಬೇಕು ಎನ್ನುವುದು ಇದಕ್ಕೇ. ಗೆರೆ ಇಲ್ಲದಿದ್ದರೆ ಒಟ್ಟು 11 ಇದೆ ಎಂದು ಮಾತ್ರ ತಿಳಿಯುತ್ತಿತ್ತು, ಎಲ್ಲಿ ತಪ್ಪಿದೆ ಎಂದು ಹುಡುಕಬೇಕಾಗುತ್ತಿತ್ತು.

ಆದರೆ ಈ ಲೆಕ್ಕ ಕಾಲವನ್ನು ಮಾತ್ರ ಕಾಯುತ್ತದೆ. ‘ಪ’ ಇದ್ದ ಕಡೆ ‘ಸ’ ಎಂದು ಓದಿದರೆ ಎಣಿಕೆ ಸರಿಯಾಗಿಯೇ ಬರುತ್ತದೆ. ಬೇಗ ಬರೆದ ಕೈಬರಹದಲ್ಲಿ ಅವೆರಡೂ ಒಂದೇ ಥರ ಕಾಣುವುದು ಜಾಸ್ತಿ. ಅಲ್ಲಿ ರಾಗ ಸಹಾಯ ಮಾಡುತ್ತದೆ. ಮಲಹರಿಯ ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ದ ಪ ಮ ಗ ರಿ ಸ. ಅಂದರೆ ಇಡೀ ಹಾಡಿನಲ್ಲಿ ಎಲ್ಲಾದರೂ ‘ನಿ’ ಕಂಡರೆ ಅದು ಓದಿದ್ದರಲ್ಲಿ ಆದ ತಪ್ಪು. ‘ಹುಡುಕು’ ಒತ್ತಿ ಒಮ್ಮೆ ನೋಡಿದರೆ ಸಾಕು. ಆದರೆ ಹತ್ತುವಾಗ ಗಾಂಧಾರ ಇಲ್ಲ ಎಂದು ‘ರಿ ಗ’ವನ್ನೂ ತಪ್ಪು ಎಂದು ತಿದ್ದಲು ಹೋಗಬೇಡಿ. ಲಂಬೋದರ ಸಾಲಿನಲ್ಲೇ ‘ಸ ರಿ ಗ ರಿ ಸ’ ಇದೆ, ಎಲ್ಲರೂ ಹಾಡುವುದೂ ಹಾಗೇ. ರಾಗದ ಲೆಕ್ಕ ಅನುಮಾನ ತೋರಿಸಲಿ, ತಿದ್ದುವುದನ್ನು ಹಾಡು ಗೊತ್ತಿರುವವರು ಮಾಡಲಿ.

ಸ್ಥಾಯಿಯ ಚುಕ್ಕೆಗಳು ನನಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಟ್ಟವು. ಮೇಲೆ ಚುಕ್ಕೆ ಇಟ್ಟರೆ ತಾರ, ಕೆಳಗೆ ಇಟ್ಟರೆ ಮಂದ್ರ. ಹಳೆಯ ಹಾಳೆಯಲ್ಲಿ ಚುಕ್ಕೆ ಮಾಸಿಹೋಗಿರುತ್ತದೆ, ಇಲ್ಲವೇ ಶಾಯಿ ಸಿಡಿದದ್ದೇ ಚುಕ್ಕೆಯ ಹಾಗೆ ಕಾಣುತ್ತದೆ. ಮೊದಲ ಆವರ್ತದ ‘ದ ಸ’ದಲ್ಲಿ ಸ ಮೇಲಿನ ಚುಕ್ಕೆ ಬಿಟ್ಟುಹೋದರೆ ಹಾಡು ಧೈವತದಿಂದ ಒಂದೇ ಸಲ ಕೆಳಗಿನ ಷಡ್ಜಕ್ಕೆ ಬೀಳುತ್ತದೆ. ನಿಜವಾಗಿ ಅದು ಮೇಲಿನ ಷಡ್ಜಕ್ಕೆ ಒಂದು ಮೆಟ್ಟಿಲು ಹತ್ತುವ ಜಾಗ. ಮಕ್ಕಳ ಪಾಠದಲ್ಲಿ ಅಷ್ಟು ದೂರದ ನೆಗೆತ ಕಂಡರೆ ಚುಕ್ಕೆ ಹುಡುಕಬೇಕು.

ಚುಕ್ಕೆ ಸರಿಯಾಗಿ ಓದಿದ ಮೇಲೂ ಅದನ್ನು ಟೈಪ್ ಮಾಡುವುದು ಸುಲಭವಲ್ಲ. ಯುನಿಕೋಡಿನಲ್ಲಿ ಅಕ್ಷರದ ಮೇಲೆ ಕೂರುವ ಚುಕ್ಕೆ ಇದೆ, `U+0307`. ಕೆಳಗಿನದು `U+0323`. ಆದರೆ ಇವು ಕನ್ನಡಕ್ಕೆಂದೇ ಮಾಡಿದವಲ್ಲ, ತುಂಬ ಕನ್ನಡ ಫಾಂಟ್‌ಗಳಲ್ಲಿ ಇವಕ್ಕೆ ಜಾಗ ಇಟ್ಟಿಲ್ಲ. ಚುಕ್ಕೆ ಪಕ್ಕಕ್ಕೆ ಹೋಗುತ್ತದೆ, ಇಲ್ಲವೇ ಖಾಲಿ ಡಬ್ಬಿ ಬರುತ್ತದೆ. ‘ರಿ’ಗೆ ಹಾಕುವಾಗ ರ, ಗುಣಿತ, ಆಮೇಲೆ ಚುಕ್ಕೆ, ಈ ಕ್ರಮದಲ್ಲೇ ಬರಬೇಕು. ಮಧ್ಯೆ ಚುಕ್ಕೆ ತೂರಿಸಿದರೆ ಗುಣಿತ ರಕಾರದಿಂದ ಬಿಟ್ಟುಕೊಂಡು ಚುಕ್ಕಿಗಳ ವೃತ್ತದ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಕೆಲವರು ಮಂದ್ರಕ್ಕೆ ನುಕ್ತವನ್ನು ಬಳಸುತ್ತಾರೆ, ‘ಫ಼’, ‘ಜ಼’ ಬರೆಯುವಾಗ ಹಾಕುತ್ತೇವಲ್ಲ, ಅದು. ಕಣ್ಣಿಗೆ ಸರಿ ಕಂಡರೂ ಅದು ಉಚ್ಚಾರಣೆಯ ಗುರುತು, ಸ್ಥಾಯಿಯದ್ದಲ್ಲ, ತಾರಸ್ಥಾಯಿಗೆ ಅದರ ಜೋಡಿಯೂ ಇಲ್ಲ. ಇದಕ್ಕೇ ನಾನು ಮೂಲ ಪಠ್ಯದಲ್ಲಿ `ಸ^`, `ದ_` ಎಂದು ಇಟ್ಟುಬಿಟ್ಟೆ. ಪ್ರಿಂಟ್ ಮಾಡುವಾಗ ಯಾವ ಫಾಂಟ್ ಸರಿ ಬರುತ್ತದೋ ನೋಡಿ ಆಗ ಮಾತ್ರ ಚುಕ್ಕೆ ಮಾಡಿಕೊಳ್ಳುತ್ತೇನೆ. ಎರಡನೆಯ ಕಾಲಕ್ಕೆ ಸ್ವರದ ಮೇಲೆ ಎಳೆಯುವ ಗೆರೆಗೂ ಹೀಗೇ: ಒಂದು ಮನೆಯಲ್ಲಿ ಸ್ಪೇಸ್ ಇಲ್ಲದೆ ‘ಮಪ’ ಎಂದು ಎರಡು ಸ್ವರ ಬರೆದರೆ ಅದೇ ಗೆರೆ. ಮನೆಯ ಲೆಕ್ಕ ಕೆಡುವುದಿಲ್ಲ.

ಸಾಹಿತ್ಯವನ್ನು ಎಲ್ಲಿ ಒಡೆಯಬೇಕು ಎನ್ನುವುದು ಇನ್ನೊಂದು ಪ್ರಶ್ನೆ. ‘ವರ್ಣ’ ಹಾಡುವಾಗ ಬಾಯಲ್ಲಿ ಬರುವುದು ‘ವರ್–ಣ’. ಆದರೆ ಕನ್ನಡದಲ್ಲಿ ಅರ್ಕಾವತ್ತು ಣಕಾರಕ್ಕೆ ಅಂಟಿಕೊಂಡಿದೆ, ಹಾಗಾಗಿ ‘ವ | ರ್ಣ’ ಎಂದು ಒಡೆಯುವುದೇ ಕಣ್ಣಿಗೆ ಸಹಜ. ನಾನು ಲಿಪಿ ಒಡೆಯುವ ಕಡೆಯೇ ಒಡೆಯುತ್ತೇನೆ. ಓದುವವರು ರೇಫವನ್ನು ಹಿಂದಿನ ಸ್ವರಕ್ಕೆ ತಾವೇ ಸೇರಿಸಿಕೊಳ್ಳುತ್ತಾರೆ, ಕನ್ನಡ ಓದುವವರಿಗೆ ಅದು ಅಭ್ಯಾಸವೇ ಇದೆ.

ಗೀತೆ ಮುಗಿದು ಕೃತಿಗೆ ಬಂದಾಗ ಎಡುಪು ಎದುರಾಯಿತು. ಆದಿತಾಳ, ಒಂದೊಂದು ಅಕ್ಷರಕಾಲಕ್ಕೆ ನಾಲ್ಕು ಮನೆ, ಆವರ್ತಕ್ಕೆ 32. ಹಾಡು ಸಮದಲ್ಲಿ ಶುರುವಾಗದೆ ಅರ್ಧ ಅಕ್ಷರ ಬಿಟ್ಟು ಎತ್ತಿಕೊಂಡರೆ ಮೊದಲ ಎರಡು ಮನೆ ಖಾಲಿ. ಅತ್ತೆ ಆ ಖಾಲಿಯನ್ನು ಬರೆದಿರಲೇ ಇಲ್ಲ, ಕೈಯಲ್ಲಿ ತಾಳ ಹಾಕುತ್ತಿದ್ದವರಿಗೆ ಅದು ಬೇಕಾಗಿರಲಿಲ್ಲ. ನನ್ನ ಎಣಿಕೆಯಲ್ಲಿ ಮೊದಲ ಲಘು 14 ಬಂತು. ಎರಡು ಕೋಮಾ ಮುಂದೆ ಹಾಕಿದ ಮೇಲೆ 16 ಆಗಿ ಕೂತಿತು. ಮೂವತ್ತೆರಡು ಮನೆ ಫೋನಿನ ಪರದೆಯಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಲಘುವಿನ 16 ಒಂದು ಸಾಲು, ಎರಡು ದ್ರುತಗಳ 8 ಮತ್ತು 8 ಸೇರಿ ಇನ್ನೊಂದು ಸಾಲು ಮಾಡಿದೆ. ಗೆರೆ ಇದ್ದ ಕಡೆಯೇ ಮುರಿದರೆ ತಾಳ ಹಾಕುವ ಕೈ ತಪ್ಪುವುದಿಲ್ಲ.

ಕೆಲವು ಸ್ವರಗಳ ಮೇಲೆ ಅತ್ತೆ ಅಲೆಯ ಥರ ಸಣ್ಣ ಗೆರೆ ಎಳೆದಿದ್ದಾರೆ, ಗಮಕಕ್ಕೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ತೆಲುಗಿನಲ್ಲಿ ಅಚ್ಚು ಹಾಕಿಸಿದಾಗ ಒಂದೊಂದು ಗಮಕಕ್ಕೂ ಬೇರೆ ಬೇರೆ ಗುರುತು ಕೊಟ್ಟಿದ್ದರು. ಅತ್ತೆಯದು ಎಲ್ಲದಕ್ಕೂ ಒಂದೇ ಅಲೆ, ಅದು ಕಂಪಿತವೋ ಜಾರುವೋ ನನಗೆ ಹಾಳೆಯಿಂದ ತಿಳಿಯುವುದಿಲ್ಲ. ಅದಕ್ಕೆ ಸ್ವರದ ಮೇಲೆ ಮೂರನೆಯ ಸಾಲು ಸೇರಿಸಿ, ಅಲೆ ಇರುವ ಮನೆಯಲ್ಲಿ `~` ಹಾಕಿ, ಉಳಿದ ಮನೆಗಳಲ್ಲಿ ಅಡ್ಡಗೆರೆ ಇಟ್ಟಿದ್ದೇನೆ. ಪ್ರತಿ ಹಾಡಿನ ತಲೆಯಲ್ಲಿ ನೋಟ್‌ಬುಕ್ಕಿನ ಪುಟದ ಸಂಖ್ಯೆ ಇದೆ, ಪುಟದ ಫೋಟೋ ಅದೇ ಫೋಲ್ಡರಿನಲ್ಲಿದೆ. ಮುಂದಿನ ವಾರ ಅತ್ತೆಯ ಜೊತೆ ಕೂತು ಒಂದೊಂದು `~` ಅನ್ನೂ ಅವರ ಬಾಯಲ್ಲಿ ಹಾಡಿಸಿ ಕೇಳಬೇಕು.